ಯಾತ್ರೆಗೆ ಹೊರಟ ಸಂಪಾದಕರು ಚಂದಾದಾರರಿಗೆ ಬರೆಯುವ ಬಿಡುವಿನ ಪತ್ರ: ಹಂತ ಹಂತವಾಗಿ

ಒಬ್ಬರೋ ಇಬ್ಬರೋ ಸೇರಿ ನಡೆಸುವ ಸಣ್ಣ ಪತ್ರಿಕೆಗಳು ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ಸಂಪಾದಕರೇ ಅದಕ್ಕೆ ಬರೆಯುತ್ತಾರೆ, ಕರಡು ತಿದ್ದುತ್ತಾರೆ, ವಿಳಾಸದ ಚೀಟಿ ಅಂಟಿಸಿ ಅಂಚೆಗೂ ಹಾಕುತ್ತಾರೆ. ಅವರು ಯಾತ್ರೆಗೆ ಹೊರಟರೆ ಪತ್ರಿಕೆ ನಿಲ್ಲುತ್ತದೆ. ನಿಂತದ್ದಕ್ಕೆ ಚಂದಾದಾರರು ಬೇಸರ ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ. ಅವರಿಗೆ ಬೇಸರವಾಗುವುದು ಹೇಳಿದ ದಿನಕ್ಕೆ ಸಂಚಿಕೆ ಬಾರದಿದ್ದಾಗ, ಇಲ್ಲವೇ ದಿನವನ್ನೇ ಹೇಳದಿದ್ದಾಗ.

ಕೆಲವು ವರ್ಷಗಳ ಹಿಂದೆ ಕಾಶಿಗೆ ಹೋಗುವಾಗ ನಮ್ಮ ಪಾಕ್ಷಿಕದಲ್ಲಿ ನಾನು ಹಾಕಿದ ಪತ್ರ ಹೀಗಿತ್ತು:

"ಪ್ರಿಯ ಓದುಗರೇ, ಬಹುದಿನಗಳ ಸಂಕಲ್ಪದಂತೆ ನಾವು ದಂಪತಿಗಳು ಇದೇ 10ರಂದು ಕಾಶಿಯಾತ್ರೆ ಹೊರಡುತ್ತಿರುವುದರಿಂದ ಮುಂದಿನ ಕೆಲವು ಸಂಚಿಕೆಗಳು ಹೊರಬರುವುದಿಲ್ಲ. ದೇವರ ದಯೆಯಿಂದ ಯಾತ್ರೆ ಮುಗಿಸಿ ಬಂದ ಕೂಡಲೇ ಪತ್ರಿಕೆ ಎಂದಿನಂತೆ ತಮ್ಮ ಕೈಸೇರಲಿದೆ. ಸಹಕರಿಸಬೇಕಾಗಿ ವಿನಂತಿ."

ಓದಲು ಚೆನ್ನಾಗಿಯೇ ಇದೆ. ಆದರೆ ಎಷ್ಟು ಸಂಚಿಕೆ ಬರುವುದಿಲ್ಲ, ಯಾವ ದಿನ ಮತ್ತೆ ಬರುತ್ತದೆ, ಕೊಟ್ಟ ಚಂದಾ ಏನಾಯಿತು, ಯಾರನ್ನು ಕೇಳಬೇಕು, ಈ ನಾಲ್ಕಕ್ಕೂ ಇದರಲ್ಲಿ ಉತ್ತರವಿಲ್ಲ. ಇರಬಾರದ ಒಂದು ಮಾತು ಮಾತ್ರ ಇದೆ: ಇಂಥ ದಿನದಿಂದ ಮನೆಗೆ ಬೀಗ ಎಂದು ಮನೆಯ ವಿಳಾಸವಿರುವ ಪತ್ರಿಕೆಯಲ್ಲೇ ಅಚ್ಚಾಗಿದೆ. ಈಚೆಗೆ ಬೇರೆ ಊರಿನ ಗೆಳೆಯರು ಕಳಿಸಿದ ಪತ್ರಗಳಲ್ಲೂ ಇದೇ ತಪ್ಪುಗಳನ್ನು ಕಂಡದ್ದರಿಂದ ಈ ಬರಹ.

ಉದಾಹರಣೆಗೆ ನಮ್ಮ ಯಾತ್ರೆಯನ್ನೇ ಇಟ್ಟುಕೊಳ್ಳುತ್ತೇನೆ. ಶಿವಮೊಗ್ಗದಿಂದ ಹೊರಡುವ ಪಾಕ್ಷಿಕ, ತಿಂಗಳ 1 ಮತ್ತು 15ರ ಸಂಚಿಕೆ, ಸುಮಾರು 600 ಚಂದಾದಾರರು. ಹೋಗಬೇಕಾಗಿರುವುದು 2026ರ ಸೆಪ್ಟೆಂಬರ್ ಕೊನೆಗೆ, ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿಗೆ. ಆ ವರ್ಷ ಪಿತೃಪಕ್ಷ ಸೆಪ್ಟೆಂಬರ್ 27ರಿಂದ ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆವರೆಗೆ. ಆ ದಿನಗಳಲ್ಲೇ ಬದರಿಯ ಬ್ರಹ್ಮಕಪಾಲದಲ್ಲಿ ಅಪ್ಪ ಅಮ್ಮನಿಗೆ ಪಿಂಡ ಇಡಬೇಕೆಂಬುದು ನಮ್ಮ ಆಸೆ. ಹಾಗಾಗಿ ಯಾತ್ರೆಯ ದಿನಗಳನ್ನು ಹಿಂದೆಮುಂದೆ ಮಾಡುವಂತಿಲ್ಲ, ಪತ್ರಿಕೆಯೇ ಹೊಂದಿಕೊಳ್ಳಬೇಕು.

## ಮೊದಲು ಕೈಗೆ ಬೇಕಾದವು

ಗೋಡೆಗೆ ನೇತುಹಾಕುವ ಪಂಚಾಂಗದ ಕ್ಯಾಲೆಂಡರ್ ಬೇಕು, ಹಬ್ಬ ಮತ್ತು ಭಾನುವಾರ ಎರಡೂ ಅದರಲ್ಲಿ ಒಟ್ಟಿಗೆ ಕಾಣುತ್ತವೆ. ಚಂದಾ ರಿಜಿಸ್ಟರ್ ಬೇಕು. ಹೋಗಿಬರುವ ಎರಡೂ ರೈಲು ಟಿಕೆಟ್ ಕೈಯಲ್ಲಿರಬೇಕು. ಇಷ್ಟು ಇಲ್ಲದೆ ಪತ್ರ ಬರೆಯಲು ಕೂರಬೇಡಿ. ಪತ್ರ ಮೊದಲು ಬರೆದು ಟಿಕೆಟ್ ಆಮೇಲೆ ಮಾಡಿಸುವುದೇ ನಾನು ಕಂಡ ಮೊದಲ ತಪ್ಪು.

## ಹಂತ 1: ಟಿಕೆಟ್ ಮತ್ತು ನೋಂದಣಿ ಮುಗಿಸಿ

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ಅಕ್ಟೋಬರ್ ಕೊನೆಯವರೆಗೆ 120 ದಿನ ಇತ್ತು, ಹಳೆಯ ರೂಢಿಯವರು ಇದನ್ನು ಮರೆಯುತ್ತಾರೆ. ನಾವು ದೆಹಲಿಯಿಂದ ಅಕ್ಟೋಬರ್ 9ರ ಸಂಜೆಯ ರೈಲು ಹತ್ತಬೇಕೆಂದಿದ್ದರೆ ಅದರ ಟಿಕೆಟ್ ಸಿಗುವುದು ಆಗಸ್ಟ್ 10ರಿಂದ. ಅಂದರೆ ಆಗಸ್ಟ್ 10ಕ್ಕೆ ಮೊದಲು ನಮ್ಮಲ್ಲಿರುವುದು ಬರೀ ಅಂದಾಜು, ಅದನ್ನು ಅಚ್ಚು ಹಾಕಿಸುವಂತಿಲ್ಲ. ನಮ್ಮ ಸೆಪ್ಟೆಂಬರ್ 1ರ ಸಂಚಿಕೆಯ ಪುಟಗಳು ಪ್ರೆಸ್ಸಿಗೆ ಹೋಗುವುದು ಆಗಸ್ಟ್ 25ರ ಸುಮಾರಿಗೆ. ಈ ಎರಡು ದಿನಗಳ ನಡುವಿನ ಎರಡು ವಾರದಲ್ಲಿ ಪತ್ರ ಸಿದ್ಧವಾಗಬೇಕು.

ಚಾರ್‌ಧಾಮಕ್ಕೆ ಉತ್ತರಾಖಂಡ ಸರ್ಕಾರದ ನೋಂದಣಿ ಕಡ್ಡಾಯ. registrationandtouristcare.uk.gov.in ನಲ್ಲಿ ಹೆಸರು ಬರೆಸುವಾಗ ಯಾವ ಧಾಮಕ್ಕೆ ಯಾವ ದಿನ ಎಂದು ಕೊಡಬೇಕಾಗುತ್ತದೆ. ನೀವು ಬಯಸಿದ ದಿನ ಸಿಗದಿದ್ದರೆ ಇಡೀ ಸುತ್ತು ಹಿಂದೆಮುಂದೆ ಆಗುತ್ತದೆ, ಹಿಂತಿರುಗುವ ರೈಲೂ ಬದಲಾಗಬಹುದು. ಅದಕ್ಕೇ ಇದೂ ಪತ್ರಕ್ಕಿಂತ ಮೊದಲ ಕೆಲಸ.

## ಹಂತ 2: ಮನೆ ಸೇರುವ ದಿನ ಬೇರೆ, ಸಂಚಿಕೆ ಹೊರಡುವ ದಿನ ಬೇರೆ

ಇಡೀ ಪತ್ರದಲ್ಲಿ ಕಷ್ಟದ ಭಾಗ ಇದೊಂದೇ. ಹೆಚ್ಚಿನವರು ಟಿಕೆಟ್ಟಿನಲ್ಲಿ ಇರುವ ದಿನಕ್ಕೆ ಎರಡೋ ಮೂರೋ ದಿನ ಸೇರಿಸಿ ಮಾತು ಕೊಟ್ಟುಬಿಡುತ್ತಾರೆ. ಓದುಗರಿಗೆ ನೀವು ಮನೆ ಸೇರಿದ ದಿನದಿಂದ ಆಗಬೇಕಾದದ್ದೇನೂ ಇಲ್ಲ. ಸಂಚಿಕೆಯ ಕಟ್ಟು ಅಂಚೆ ಕಚೇರಿಯ ಒಳಗೆ ಹೋಗುವ ದಿನವೇ ಅವರಿಗೆ ಬೇಕಾದ ದಿನ. ನಮ್ಮ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ದಿನಗಳನ್ನು ಇದರಲ್ಲಿ ಕೂರಿಸಿಕೊಳ್ಳಿ.

ಸೆಪ್ಟೆಂಬರ್ 22ರ ರಾತ್ರಿ ಶಿವಮೊಗ್ಗ ಬಿಡುತ್ತೇವೆ, 23ಕ್ಕೆ ಬೆಂಗಳೂರಿನಿಂದ ರೈಲು, ಎರಡು ರಾತ್ರಿ ಕಳೆದು 25ಕ್ಕೆ ದೆಹಲಿ, ಅಂದೇ ಹರಿದ್ವಾರ. 27ರಿಂದ ಅಕ್ಟೋಬರ್ 8ರವರೆಗೆ ನಾಲ್ಕು ಧಾಮ. ಯಮುನೋತ್ರಿಯಿಂದ ಶುರುಮಾಡಿ ಪೂರ್ವಕ್ಕೆ ಸಾಗಿ ಬದರಿಯಲ್ಲಿ ಮುಗಿಸುವುದು ಕ್ರಮ. ಅಕ್ಟೋಬರ್ 9ಕ್ಕೆ ದೆಹಲಿಯಲ್ಲಿ ರೈಲು, 11ಕ್ಕೆ ಬೆಂಗಳೂರು, 12ರ ಸೋಮವಾರ ಬೆಳಿಗ್ಗೆ ಮನೆ. ಇದು ಎಲ್ಲವೂ ಸರಿಹೋದರೆ.

ಇದಕ್ಕೆ ಮೊದಲು ದಾರಿಯ ತಡೆ ಸೇರಿಸಿ. ಗಢವಾಲದ ಬೆಟ್ಟ ಮಳೆಗಾಲ ಮುಗಿದ ಮೇಲೂ ಜಾರುತ್ತದೆ. ಶ್ರೀನಗರ ಮತ್ತು ರುದ್ರಪ್ರಯಾಗದ ನಡುವಿನ ಸಿರೋಬಗಡ್, ಬದರಿಗೆ ಸ್ವಲ್ಪ ಮೊದಲು ಸಿಗುವ ಲಾಮ್‌ಬಗಡ್, ಇವು ಗುಡ್ಡ ಕುಸಿತಕ್ಕೆ ಹೆಸರಾದ ಜಾಗಗಳು. ರಾತ್ರಿ ಹೊತ್ತು ಯಾತ್ರೆಯ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಹಾಗಾಗಿ ಹಗಲು ನಾಲ್ಕು ಗಂಟೆ ನಿಂತರೆ ಒಂದು ದಿನವೇ ಹೋದಂತೆ. ದೊಡ್ಡ ಅವಘಡವಾದರೆ ಇನ್ನೂ ಹೆಚ್ಚು. 2024ರ ಜುಲೈ 31ರ ರಾತ್ರಿಯ ಮಳೆಗೆ ಕೇದಾರದ ಕಾಲುದಾರಿ ಕೊಚ್ಚಿಹೋಗಿ ಸಾವಿರಾರು ಯಾತ್ರಿಕರು ಮೇಲೆ ಸಿಕ್ಕಿಕೊಂಡಿದ್ದರು. 2025ರ ಆಗಸ್ಟ್ 5ರಂದು ಗಂಗೋತ್ರಿ ದಾರಿಯ ಧರಾಲಿ ಊರು ಕೆಸರಿನಡಿ ಹೋಯಿತು, ರಸ್ತೆಯೂ ತುಂಡಾಯಿತು. ಇವೆರಡೂ ನಡು ಮಳೆಗಾಲದವು, ನಾವು ಹೋಗುವುದು ಅದು ಇಳಿದ ಮೇಲೆ. ಅದಕ್ಕೆ ದಾರಿಗೆಂದು ನಾಲ್ಕು ದಿನ ಮಾತ್ರ ಇಟ್ಟಿದ್ದೇನೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಹತ್ತು ದಿನವಾದರೂ ಇಡಲಿ.

ನಂತರ ರೈಲು. ಬೆಟ್ಟದಲ್ಲಿ ತಡವಾಗಿ 9ರ ರೈಲು ತಪ್ಪಿತು ಎಂದಿಟ್ಟುಕೊಳ್ಳಿ. ಮರುದಿನದ ಟಿಕೆಟ್ ತಾನಾಗಿ ಸಿಗುವುದಿಲ್ಲ. ಅಕ್ಟೋಬರ್ 11ಕ್ಕೆ ನವರಾತ್ರಿ ಶುರು, ಊರಿಗೆ ಹೊರಟವರಿಂದ ಗಾಡಿ ತುಂಬಿರುತ್ತದೆ. ತತ್ಕಾಲ್ ತೆರೆಯುವುದು ಹಿಂದಿನ ದಿನವಷ್ಟೇ, ಸಿಕ್ಕೇಸಿಗುತ್ತದೆಂಬ ಭರವಸೆಯೂ ಇಲ್ಲ. ಇದಕ್ಕೆ ಮೂರು ದಿನ. ದಾರಿಯ ತಡೆಯನ್ನು ಎಣಿಸಿ ರೈಲಿನ ತಡೆಯನ್ನು ಬಿಡುವವರು ಬಹಳ ಜನ. ಒಂದು ತಪ್ಪಿದರೆ ಇನ್ನೊಂದೂ ತಪ್ಪುತ್ತದೆ, ಹಾಗಾಗಿ ಎರಡನ್ನೂ ಕೂಡಿಸಲೇಬೇಕು.

12ಕ್ಕೆ ನಾಲ್ಕು, ಅದಕ್ಕೆ ಮೂರು ಸೇರಿಸಿದರೆ ಅಕ್ಟೋಬರ್ 19. ಆದರೆ 20, 21ರ ಹೊತ್ತಿಗೆ ಆಯುಧಪೂಜೆ, ವಿಜಯದಶಮಿ. ಪ್ರೆಸ್ಸಿನಲ್ಲಿ ಯಂತ್ರಕ್ಕೆ ಕುಂಕುಮ ಹಚ್ಚಿ ಬಾಗಿಲು ಹಾಕಿರುತ್ತಾರೆ. ಕೆಲಸ ಶುರುವಾಗುವುದು 22ರ ಗುರುವಾರ. ನಮ್ಮಲ್ಲಿ ಒಂದು ಸಂಚಿಕೆಗೆ ಹತ್ತು ದಿನ ಹಿಡಿಯುತ್ತದೆ: ಬರಹ ಸಿದ್ಧಪಡಿಸಿ ಡಿಟಿಪಿ ಮಾಡಿಸಲು ನಾಲ್ಕು, ಕರಡು ತಿದ್ದಲು ಎರಡು, ಅಚ್ಚಿಗೆ ಎರಡು, ಮಡಚಿ ವಿಳಾಸ ಅಂಟಿಸಲು ಎರಡು. ಅಲ್ಲಿಗೆ ಅಕ್ಟೋಬರ್ 31. ಮರುದಿನ ನವೆಂಬರ್ 1, ರಾಜ್ಯೋತ್ಸವ. ಸಂಚಿಕೆಗೆ ಹಾಕಲು ಚೆಂದದ ದಿನವೇ, ಆದರೆ 2026ರಲ್ಲಿ ಅದು ಭಾನುವಾರ. ಅಂಚೆ ಕಚೇರಿ ತೆರೆಯುವುದಿಲ್ಲ.

ಆದ್ದರಿಂದ ನಾವು ಮಾತು ಕೊಡುವ ದಿನ ನವೆಂಬರ್ 2, ಸೋಮವಾರ. ಟಿಕೆಟ್ ಹೇಳಿದ ದಿನಕ್ಕೂ ಇದಕ್ಕೂ ಮೂರು ವಾರದ ಅಂತರ. ಇಷ್ಟು ದೂರದ ದಿನ ಹೇಳಲು ಮುಜುಗರವಾಗುತ್ತದೆ, ನನಗೂ ಆಯಿತು. ಆದರೂ ಕಡಿಮೆ ಮಾಡಬೇಡಿ.

ಗಂಗಾ ಸಮಾರಾಧನೆಯನ್ನೂ ಈ ಲೆಕ್ಕದಲ್ಲಿ ನೋಡಿಕೊಳ್ಳಬೇಕು. ಗಂಗೆ ತಂದ ಮೇಲೆ ಬಂಧುಗಳನ್ನು ಕರೆದು ಊಟ ಹಾಕದೆ ಯಾತ್ರೆ ಮುಗಿಯಿತೆಂದು ನಮ್ಮ ಮನೆಗಳಲ್ಲಿ ಅನ್ನುವುದಿಲ್ಲ. ಅದರ ತಯಾರಿಗೆ ನಾಲ್ಕು ದಿನವಾದರೂ ಬೇಕು. 12ಕ್ಕೇ ಮನೆ ಸೇರಿದರೆ 18ರೊಳಗೆ ಮುಗಿಸಬಹುದು. 19ಕ್ಕೆ ಬಂದರೆ ಗಂಗೆಯ ಗಿಂಡಿಯನ್ನು ದೇವರ ಮುಂದಿಟ್ಟು ಸಂಚಿಕೆ ಅಂಚೆಗೆ ಹಾಕಿದ ಮೇಲಿನ ಒಂದು ಒಳ್ಳೆಯ ದಿನ ನೋಡುತ್ತೇವೆ. ಈ ತೀರ್ಮಾನ ಮನೆಯವರೊಡನೆ ಹೊರಡುವ ಮೊದಲೇ ಆಗಿರಬೇಕು. ಬಂದ ಮೇಲೆ ಚರ್ಚೆ ಶುರುವಾದರೆ ಸಂಚಿಕೆ ತಡವಾಗುತ್ತದೆ.

ಎಚ್ಚರಿಕೆಯ ಗುರುತು: ಲೆಕ್ಕ ಮುಗಿದಾಗ ನಿಮ್ಮ ಬಾಯಲ್ಲಿ "ಮೊದಲ ವಾರ", "ಸುಮಾರಿಗೆ", "ದೀಪಾವಳಿಗೆ ಮುಂಚೆ" ಎಂಬ ಮಾತು ಬರುತ್ತಿದ್ದರೆ ಲೆಕ್ಕ ಇನ್ನೂ ಮುಗಿದಿಲ್ಲ. ತಾರೀಖು ಮತ್ತು ವಾರ ಎರಡೂ ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 3: ತಪ್ಪುವ ಸಂಚಿಕೆಗಳ ಚಂದಾ ಏನಾಗುತ್ತದೆಂದು ತೀರ್ಮಾನಿಸಿ

ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 1 ಮತ್ತು 15ರ ಎರಡು ಸಂಚಿಕೆ ಹೋಗುತ್ತವೆ. ವರ್ಷದ ಚಂದಾ ಕೊಟ್ಟವರಿಗೆ ನಾವು ಕೊಡಬೇಕಾದದ್ದು 24 ಸಂಚಿಕೆ. ಇದಕ್ಕೆ ಎರಡು ದಾರಿ. ಬಂದ ಮೇಲೆ ಜೋಡಿ ಸಂಚಿಕೆ ಮಾಡುವುದು ಒಂದು, ಎಲ್ಲರ ಅವಧಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕುವುದು ಇನ್ನೊಂದು.

ನಾನು ಎರಡನೆಯದನ್ನೇ ಹೇಳುತ್ತೇನೆ. ದಣಿದು ಬಂದ ಮೇಲೆ ಒಂದರ ಬದಲು ಎರಡರಷ್ಟು ಪುಟ ತುಂಬಿಸುತ್ತೇನೆಂದು ಮಾತು ಕೊಟ್ಟರೆ ಹತ್ತು ದಿನದ ಕೆಲಸ ಹದಿನೆಂಟು ದಿನಕ್ಕೆ ಹೋಗುತ್ತದೆ, ಹಂತ 2ರ ಲೆಕ್ಕವೆಲ್ಲ ಕುಸಿಯುತ್ತದೆ. ಕಾಶಿಯಿಂದ ಬಂದಾಗ ನಮಗೆ ಆದದ್ದೂ ಇದೇ. ಅವಧಿ ಮುಂದಕ್ಕೆ ಹಾಕುವುದಾದರೆ ರಿಜಿಸ್ಟರಿನಲ್ಲಿ ಒಂದು ಕಾಲಂ ತಿದ್ದಿದರೆ ಮುಗಿಯಿತು. ಇದನ್ನು ಹೊರಡುವ ಮುಂಚೆಯೇ ತಿದ್ದಿ. ವಿಳಾಸದ ಚೀಟಿಯ ಮೇಲೆ ಚಂದಾ ಮುಗಿಯುವ ತಿಂಗಳು ಅಚ್ಚಾಗುತ್ತಿದ್ದರೆ ಸೆಪ್ಟೆಂಬರ್ 15ರ ಚೀಟಿಯಲ್ಲೇ ಹೊಸ ತಿಂಗಳು ಬರಲಿ. ಪತ್ರ ಹೇಳುವುದನ್ನೇ ಚೀಟಿಯೂ ಹೇಳಿದರೆ ಓದುಗರು ಮತ್ತೆ ಕೇಳುವುದಿಲ್ಲ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಂದಾ ಮುಗಿಯುವವರನ್ನು ಬೇರೆಯಾಗಿ ನೋಡಿ. ಅವರಿಗೆ ಈಗಲೇ ನವೀಕರಿಸಿ ಎಂದು ಬರೆಯಬೇಡಿ. ಪತ್ರಿಕೆ ನಿಲ್ಲಿಸಿ ಹೊರಟವರು ಹಣ ಕೇಳಿದರೆ ಹೊಸಬರಿಗೆ ಅನುಮಾನ ಬರುತ್ತದೆ, ಅದು ಸಹಜ. ನವೆಂಬರ್ ಸಂಚಿಕೆ ಕೈಸೇರಿದ ಮೇಲೆ ಕಳಿಸಿದರೆ ಸಾಕು ಎಂದು ಬರೆಯಿರಿ.

ಅಂಚೆಯ ರಿಯಾಯಿತಿ ದರದಲ್ಲಿ ಕಳಿಸುವವರಿಗೆ ಒಂದು ಮಾತು. ಆ ರಿಯಾಯಿತಿ ಇರುವುದು ನಿಯತವಾಗಿ ಹೊರಬರುವ ಪತ್ರಿಕೆಗೆ. ಹಳೆಯ 1898ರ ಅಂಚೆ ಕಾಯ್ದೆಯಲ್ಲಿ ಎರಡು ಸಂಚಿಕೆಗಳ ನಡುವೆ 31 ದಿನ ಮೀರಬಾರದೆಂದಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2023ರ ಹೊಸ ಕಾಯ್ದೆ ಬಂದಿದೆ. ನಿಮ್ಮ ಪರವಾನಗಿಯ ಷರತ್ತಿನಲ್ಲಿ ಬಿಡುವಿಗೆ ಅವಕಾಶ ಎಷ್ಟಿದೆ ಎಂದು ನಿಮ್ಮ ವಿಭಾಗದ ಅಂಚೆ ಅಧೀಕ್ಷಕರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ನಮ್ಮದು ಪೂರ್ತಿ ದರದ ಅಂಚೆಚೀಟಿ ಹಚ್ಚಿ ಹೋಗುವ ಪತ್ರಿಕೆ, ಈ ತೊಡಕಿಲ್ಲ.

## ಹಂತ 4: ಊರಿನಲ್ಲಿ ಒಬ್ಬರನ್ನು ನೇಮಿಸಿ

ಕೇದಾರದ ದಾರಿಯಲ್ಲಿ ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ಏರು. ಅಲ್ಲಿ ನಡೆಯುತ್ತಿರುವಾಗ "ಸ್ವಾಮಿ, ಸಂಚಿಕೆ ಬಂದಿಲ್ಲ" ಎಂಬ ಫೋನು ಎತ್ತಬೇಕಾದ ಸ್ಥಿತಿ ಬರಬಾರದು. ಪತ್ರದಲ್ಲಿ ನಿಮ್ಮ ಫೋನ್ ಸಂಖ್ಯೆ ಹಾಕಬೇಡಿ. ಊರಲ್ಲೇ ಇರುವ ಒಬ್ಬರ ಸಂಖ್ಯೆ ಹಾಕಿ. ನಮಗೆ ತಮ್ಮನ ಮಗಳು ಸಿಕ್ಕಿದ್ದಾಳೆ.

ಅವಳಿಗೆ ಕೊಟ್ಟಿರುವುದು ಮೂರೇ ವಸ್ತು. ಚಂದಾ ರಿಜಿಸ್ಟರಿನ ನಕಲು, ಬಂದ ಹಣ ಮತ್ತು ಕಾಗದ ಬರೆದಿಡಲು ಒಂದು ನೋಟ್‌ಬುಕ್, ಮತ್ತು ನಾನು ಮೊದಲೇ ಬರೆದಿಟ್ಟ ಎರಡನೆಯ ಪತ್ರ. ಈ ಎರಡನೆಯ ಪತ್ರದ ವಿಚಾರ ಹಂತ 7ರಲ್ಲಿ ಬರುತ್ತದೆ. ಅವಳು ಸಂಚಿಕೆ ಮಾಡಬೇಕಿಲ್ಲ, ಯಾರಿಗೂ ಹೊಸ ದಿನ ಹೇಳಬೇಕಿಲ್ಲ. ಪತ್ರದಲ್ಲಿ ಇರುವುದನ್ನೇ ಫೋನಿನಲ್ಲಿ ಓದಿ ಹೇಳಿದರೆ ಆಯಿತು.

## ಹಂತ 5: ಪತ್ರ ಬರೆಯಿರಿ

ಈಗ ಬರೆಯುವುದು ಸುಲಭ, ಅರ್ಧ ಗಂಟೆಯ ಕೆಲಸ. ನಮ್ಮ ಪತ್ರ ಹೀಗಿದೆ:

"ಆತ್ಮೀಯ ಚಂದಾದಾರರೇ,

ನಮ್ಮ ಮುಂದಿನ ಸಂಚಿಕೆ ನವೆಂಬರ್ 2, ಸೋಮವಾರ ಅಂಚೆಗೆ ಬೀಳುತ್ತದೆ. ಅಕ್ಟೋಬರ್ 1 ಮತ್ತು ಅಕ್ಟೋಬರ್ 15ರ ಎರಡು ಸಂಚಿಕೆಗಳು ಹೊರಬರುವುದಿಲ್ಲ.

ಬದರಿ, ಕೇದಾರಗಳ ಯಾತ್ರೆಗೆ ಹೋಗಿಬರಬೇಕೆಂಬುದು ನಮ್ಮ ಬಹಳ ವರ್ಷದ ಆಸೆ. ಪತ್ರಿಕೆಯ ಕೆಲಸಕ್ಕೆ ನಾನೊಬ್ಬನೇ ಇರುವುದರಿಂದ ಈ ಬಿಡುವು ಬೇಕಾಗಿದೆ.

ನಿಮ್ಮ ಚಂದಾ ಅವಧಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದ್ದೇವೆ. ನೀವು ಏನೂ ಮಾಡಬೇಕಿಲ್ಲ. ವಿಳಾಸದ ಚೀಟಿಯ ಮೇಲೆ ಹೊಸ ತಿಂಗಳು ಇದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಂದಾ ಮುಗಿಯುವವರು ನವೆಂಬರ್ ಸಂಚಿಕೆ ತಲುಪಿದ ಮೇಲೆ ನವೀಕರಿಸಿದರೆ ಸಾಕು.

ನವೆಂಬರ್ 12, ಗುರುವಾರದೊಳಗೆ ಸಂಚಿಕೆ ಕೈಸೇರದಿದ್ದರೆ ಈ ಸಂಖ್ಯೆಗೆ ತಿಳಿಸಿ, ಇನ್ನೊಂದು ಪ್ರತಿ ಕಳಿಸುತ್ತೇವೆ. ವಿಳಾಸ ಬದಲಾವಣೆಯನ್ನೂ ಇಲ್ಲಿಗೇ ತಿಳಿಸಬಹುದು.

ಪೂಜೆ, ಸೇವೆಗಳಿಗಾಗಿ ದಯವಿಟ್ಟು ನಮಗೆ ಹಣ ಕಳಿಸಬೇಡಿ. ನಿಮ್ಮೆಲ್ಲರ ನೆನಪು ನಮ್ಮ ಜೊತೆಗಿರುತ್ತದೆ.

ಸಂಪಾದಕ"

ಸಾಲುಗಳ ಕ್ರಮಕ್ಕೆ ಕಾರಣವಿದೆ. ಮತ್ತೆ ಬರುವ ದಿನ ಮೊದಲ ವಾಕ್ಯದಲ್ಲೇ ಇದೆ, ಯಾತ್ರೆಯ ಮಾತು ಆಮೇಲೆ. "ಯಾತ್ರೆ ಹೋಗುತ್ತಿದ್ದೇವೆ" ಎಂದು ಶುರುಮಾಡಿದರೆ ಓದುವವರು ಸಂತೋಷಪಟ್ಟು ಅಲ್ಲಿಗೇ ಪುಟ ತಿರುವುತ್ತಾರೆ, ದಿನ ಅವರ ಕಣ್ಣಿಗೆ ಬೀಳುವುದಿಲ್ಲ. ತಪ್ಪುವ ಸಂಚಿಕೆಗಳನ್ನು ತಾರೀಖು ಹಿಡಿದು ಹೆಸರಿಸಿದೆ. "ಎರಡು ಸಂಚಿಕೆ" ಎಂದಷ್ಟೇ ಬರೆದರೆ ಸೆಪ್ಟೆಂಬರ್ 15ರದೂ ಅದರಲ್ಲಿ ಸೇರಿದೆಯೇ ಎಂದು ಕೇಳುವವರಿದ್ದಾರೆ.

ಹೊರಡುವ ದಿನ ಮತ್ತು ಹಿಂತಿರುಗುವ ದಿನ ಪತ್ರದಲ್ಲಿ ಎಲ್ಲೂ ಇಲ್ಲ. ಇಬ್ಬರೂ ಹೋಗುತ್ತೇವೆಂದೂ ಬಿಡಿಸಿ ಹೇಳಿಲ್ಲ. ಪತ್ರಿಕೆಯ ಕೊನೆಯ ಪುಟದಲ್ಲಿ ನಮ್ಮ ಮನೆಯ ವಿಳಾಸವೇ ಇರುತ್ತದೆ, ಪ್ರತಿಗಳು ಗ್ರಂಥಾಲಯ, ಹೋಟೆಲು, ಬಸ್ ನಿಲ್ದಾಣದ ಅಂಗಡಿಗಳಲ್ಲೂ ಬಿದ್ದಿರುತ್ತವೆ. ಓದುಗರಿಗೆ ಬೇಕಾದದ್ದು ಸಂಚಿಕೆಯ ದಿನ, ಮನೆಗೆ ಬೀಗವಿರುವ ದಿನ ಅಲ್ಲ.

ನವೆಂಬರ್ 12 ಎಂಬ ಎರಡನೆಯ ತಾರೀಖು ಮೊದಲನೆಯದರಷ್ಟೇ ಮುಖ್ಯ. ಅಂಚೆಗೆ ಹಾಕಿದ ದಿನವೇ ಕೈಸೇರುತ್ತದೆಂದು ಭಾವಿಸಿ 3ರಿಂದಲೇ ಫೋನ್ ಮಾಡುವವರಿರುತ್ತಾರೆ. ಸಾಮಾನ್ಯವಾಗಿ ನಮ್ಮ ಸಂಚಿಕೆ ಹಳ್ಳಿಗಳಿಗೆ ತಲುಪಲು ಐದಾರು ದಿನ ಬೇಕು. ಆ ವಾರದ ಕೊನೆಗೆ ದೀಪಾವಳಿ, 8ಕ್ಕೆ ನರಕ ಚತುರ್ದಶಿ, 10ಕ್ಕೆ ಬಲಿಪಾಡ್ಯಮಿ. ರಜೆಗಳನ್ನು ಕಳೆದು 12 ಎಂದು ಹಾಕಿದೆ.

ಪೂಜೆಯ ಹಣದ ಸಾಲನ್ನು ಮೊದಲು ನಾನೂ ಬಿಟ್ಟಿದ್ದೆ. ಕಾಶಿಗೆ ಹೋಗುವಾಗ ಹಲವರು ಪ್ರೀತಿಯಿಂದ ನೂರು, ಇನ್ನೂರು ಕಳಿಸಿ "ನಮ್ಮ ಹೆಸರಲ್ಲೊಂದು ಅರ್ಚನೆ" ಎಂದರು. ಯಾವುದು ಚಂದಾ, ಯಾವುದು ಅರ್ಚನೆಯದು ಎಂಬುದು ಬಂದ ಮೇಲೆ ತಿಳಿಯಲಿಲ್ಲ. ಅವರಿಗೆ ನೋವಾಗದಂತೆ ಮೊದಲೇ ಬೇಡವೆನ್ನುವುದು ಒಳ್ಳೆಯದು. ಹಾಗೆಯೇ ಎಲ್ಲರಿಗೂ ಗಂಗಾಜಲ, ಪ್ರಸಾದ ಕಳಿಸುತ್ತೇವೆಂಬ ಮಾತೂ ಬೇಡ. 600 ಲಕೋಟೆಯ ಕೆಲಸ ಆ ಹತ್ತು ದಿನದೊಳಗೆ ಹಿಡಿಯುವುದಿಲ್ಲ.

"ದೇವರ ದಯೆಯಿದ್ದರೆ" ಎಂಬುದನ್ನು ತಾರೀಖಿನ ವಾಕ್ಯದಲ್ಲಿ ಸೇರಿಸಬೇಡಿ. ಆ ಮಾತು ನಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ತಾರೀಖಿನ ಪಕ್ಕ ಬಂದರೆ ಮಾತ್ರ ಓದುವವರಿಗೆ ಅದು ಅನುಮಾನದ ಮಾತಾಗಿ ಕೇಳುತ್ತದೆ. ಬರೆಯಲೇಬೇಕೆನಿಸಿದರೆ ಕೊನೆಯ ಸಾಲಿಗೆ ಇಟ್ಟುಕೊಳ್ಳಿ.

## ಹಂತ 6: ಓದಿಸಿ ನೋಡಿ, ಎರಡು ಸಲ ಹಾಕಿ

ಪತ್ರಿಕೆಯ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಪತ್ರವನ್ನು ಒಮ್ಮೆ ಓದಲು ಕೊಟ್ಟು ವಾಪಸ್ ತೆಗೆದುಕೊಳ್ಳಿ. ಆಮೇಲೆ ಕೇಳಿ: ಮುಂದಿನ ಸಂಚಿಕೆ ಯಾವತ್ತು ಹೊರಡುತ್ತದೆ? ಚಂದಾದಾರರು ಈಗ ಏನು ಮಾಡಬೇಕು? ಸಂಚಿಕೆ ಬರದಿದ್ದರೆ ಯಾವ ದಿನದ ನಂತರ ಕೇಳಬೇಕು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಪತ್ರ ಸರಿಯಿದೆ. ಎದುರುಮನೆಯ ಹೈಸ್ಕೂಲ್ ಹುಡುಗನಿಗೆ ಕೊಟ್ಟಿದ್ದೆ, ಎರಡನೆಯ ಪ್ರಶ್ನೆಗೆ "ಹಣ ಕಳಿಸಬೇಕಾ?" ಎಂದ. "ನೀವು ಏನೂ ಮಾಡಬೇಕಿಲ್ಲ" ಎಂಬ ವಾಕ್ಯ ಸೇರಿದ್ದು ಅದಾದ ಮೇಲೆ.

ಪತ್ರವನ್ನು ಸೆಪ್ಟೆಂಬರ್ 1 ಮತ್ತು 15, ಎರಡೂ ಸಂಚಿಕೆಯಲ್ಲಿ ಹಾಕಿ. ಒಂದೇ ಸಲ ಹಾಕಿದರೆ ಆ ಸಂಚಿಕೆ ಅಂಚೆಯಲ್ಲಿ ಕಳೆದವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಜಾಗ ಮೊದಲ ಪುಟದ ಮೇಲ್ಭಾಗ, ಚೌಕಟ್ಟಿನೊಳಗೆ. ಸಂಪಾದಕೀಯದ ನಡುವೆ ಸೇರಿಸಿದರೆ ಸಂಪಾದಕೀಯ ಓದದವರಿಗೆ ತಪ್ಪಿಹೋಗುತ್ತದೆ. ಬಿಡಿ ಚೀಟಿ ಮಡಿಕೆಯಿಂದ ಉದುರಿಬೀಳುತ್ತದೆ, ರಿಯಾಯಿತಿ ದರದವರು ಬಿಡಿ ಹಾಳೆ ಸೇರಿಸುವ ಮೊದಲು ಅಂಚೆ ಕಚೇರಿಯಲ್ಲಿ ಕೇಳಲೂ ಬೇಕು.

ಎರಡೂ ಸಲ ಒಂದು ಅಕ್ಷರ ಬದಲಾಗದೆ ಅದೇ ಪತ್ರ ಇರಲಿ. ಎರಡನೆಯ ಸಲ ಚೆನ್ನಾಗಿ ಮಾಡೋಣವೆಂದು ತಿದ್ದಲು ಹೋಗಿ ಒಂದರಲ್ಲಿ 2, ಇನ್ನೊಂದರಲ್ಲಿ 1 ಎಂದು ಬಂದರೆ ಯಾವುದನ್ನು ನಂಬುವುದು?

ಏಜೆಂಟರಿಗೂ ಗ್ರಂಥಾಲಯಗಳಿಗೂ ಬೇರೆಯಾಗಿ ಕಾರ್ಡು ಬರೆಯಿರಿ. ಅಲ್ಲಿ ಕಟ್ಟು ಬಿಚ್ಚುವವರು ಪತ್ರಿಕೆ ಓದುವುದು ಕಡಿಮೆ. 50 ಪೈಸೆಯ ಅಂಚೆ ಕಾರ್ಡಿನಲ್ಲಿ ಕೈಬರಹದ ಎರಡು ಸಾಲು ಸಾಕು. ಅಚ್ಚು ಹಾಕಿಸಿದರೆ ದರ ಬೇರೆಯಾಗುತ್ತದೆ.

## ಹಂತ 7: ತಡವಾದರೆ ಹೊರಡುವ ಎರಡನೆಯ ಪತ್ರ

ಏಳು ದಿನದ ಅಂತರವೂ ಸಾಲದೆ ಹೋಗಬಹುದು. ಆಗ ಏನು ಮಾಡಬೇಕೆಂದು ಬೆಟ್ಟದಲ್ಲಿ ಸಿಕ್ಕಿಕೊಂಡಾಗ ಯೋಚಿಸಲು ಆಗುವುದಿಲ್ಲ, ಸಿಗ್ನಲ್ಲೂ ಇರುವುದಿಲ್ಲ. ಮನೆಯಲ್ಲಿದ್ದಾಗಲೇ ಎರಡು ಸಾಲಿನ ಕಾರ್ಡು ಬರೆದಿಡಿ: "ಯಾತ್ರೆಯ ದಾರಿಯಲ್ಲಿ ತಡವಾಗಿದೆ. ಸಂಚಿಕೆ ನವೆಂಬರ್ 2ರ ಬದಲು ನವೆಂಬರ್ 16, ಸೋಮವಾರ ಅಂಚೆಗೆ ಬೀಳುತ್ತದೆ. ಚಂದಾ ಅವಧಿ ಇನ್ನೂ ಅರ್ಧ ತಿಂಗಳು ಮುಂದಕ್ಕೆ ಹೋಗುತ್ತದೆ." ಮುಂದಿನ ಸಂಚಿಕೆಯ ದಿನ 15, ಅದೂ ಭಾನುವಾರವೇ. ಅದಕ್ಕೆ 16.

ಈ ಕಾರ್ಡು ಯಾವಾಗ ಹೊರಡಬೇಕೆಂಬುದೂ ಮೊದಲೇ ಗೊತ್ತಾಗಿರಬೇಕು. ನಮ್ಮ ಗಡು ಅಕ್ಟೋಬರ್ 22. ಆ ದಿನ ಸಂಜೆಯೊಳಗೆ ನಾನು ಮನೆ ಸೇರದಿದ್ದರೆ ತಮ್ಮನ ಮಗಳು ನನ್ನನ್ನು ಕೇಳದೆಯೇ ಪ್ರೆಸ್ಸಿಗೆ ಕೊಟ್ಟು, ಅಚ್ಚಾದ ಕಾರ್ಡುಗಳಿಗೆ ವಿಳಾಸ ಅಂಟಿಸಿ ಹಾಕುತ್ತಾಳೆ. ಕಾರ್ಡು ಅಕ್ಟೋಬರ್ ಕೊನೆಗೆ ತಲುಪುತ್ತದೆ, ನವೆಂಬರ್ 2ಕ್ಕಿಂತ ಮೊದಲು. ತಡವಾದ ಸುದ್ದಿ ಹೇಳಿದ ದಿನಕ್ಕೆ ಮುಂಚೆ ಬಂದರೆ ಓದುಗರು ಒಪ್ಪುತ್ತಾರೆ. ದಿನ ಕಳೆದ ಮೇಲೆ ಬಂದರೆ ಅದು ನೆಪ ಹೇಳಿದಂತೆ ಕೇಳುತ್ತದೆ. ಅಂಚೆ ವೆಚ್ಚಕ್ಕೆಂದು ಹಣವನ್ನೂ ಅವಳ ಬಳಿ ಕೊಟ್ಟು ಹೊರಡಬೇಕು.

ಯಾತ್ರೆ ಅರ್ಧಕ್ಕೇ ನಿಂತು ಬೇಗ ಬಂದರೆ? ದಿನವನ್ನು ಹಿಂದಕ್ಕೆ ತರಬೇಡಿ. ಅಕ್ಟೋಬರ್ 15ರದನ್ನು ಹೇಗಾದರೂ ಮಾಡೋಣವೆಂಬ ಆಸೆ ಬರುತ್ತದೆ. ಆದರೆ ಚಂದಾ ಅವಧಿ ಆಗಲೇ ತಿದ್ದಿದೆ, ಚೀಟಿ ಅಚ್ಚಾಗಿದೆ, ಏಜೆಂಟರು ಆ ಕಟ್ಟನ್ನು ನಿರೀಕ್ಷಿಸಿರುವುದಿಲ್ಲ. ನವೆಂಬರ್ 2ರ ಸಂಚಿಕೆಯನ್ನೇ ನಿಧಾನವಾಗಿ, ತಪ್ಪಿಲ್ಲದಂತೆ ಮಾಡಿ.

## ಹಂತ 8: ಬಂದ ಮೇಲೆ

ಮೊದಲ ಕೆಲಸ ನೋಟ್‌ಬುಕ್ ಓದುವುದು. ವಿಳಾಸ ಬದಲಾವಣೆಗಳನ್ನು ಚೀಟಿ ಅಚ್ಚಾಗುವ ಮೊದಲೇ ರಿಜಿಸ್ಟರಿಗೆ ಏರಿಸಬೇಕು. ಇದು ಹಿಂದುಳಿದರೆ ಪತ್ರದಲ್ಲಿ "ಇಲ್ಲಿಗೇ ತಿಳಿಸಿ" ಎಂದು ಬರೆದದ್ದು ಸುಳ್ಳಾಗುತ್ತದೆ.

ನವೆಂಬರ್ ಸಂಚಿಕೆಯ ಮೊದಲ ಪುಟದಲ್ಲಿ, ಪತ್ರವಿದ್ದ ಅದೇ ಚೌಕಟ್ಟಿನಲ್ಲಿ ಮೂರು ಸಾಲು ಹಾಕಿ: ಬಂದಿದ್ದೇವೆ, ಮುಂದಿನ ಸಂಚಿಕೆ ನವೆಂಬರ್ 16ಕ್ಕೆ, ಚಂದಾ ನವೀಕರಣ ಬಾಕಿಯಿರುವವರು ಈಗ ಕಳಿಸಬಹುದು. ಯಾತ್ರೆಯ ಅನುಭವ ಎಷ್ಟೇ ತುಂಬಿಬಂದಿದ್ದರೂ ಆ ಚೌಕಟ್ಟಿಗೆ ತರಬೇಡಿ, ಒಳಪುಟಗಳಲ್ಲಿ ಬಿಡುವಾಗಿ ಬರೆಯಿರಿ.

ನವೆಂಬರ್ 12ರ ನಂತರ ಬರುವ ಫೋನುಗಳನ್ನು ಊರಿನ ಪ್ರಕಾರ ಗುರುತು ಹಾಕಿ. ಒಂದೇ ಊರಿನಿಂದ ನಾಲ್ಕೈದು ಜನ ಬಂದಿಲ್ಲವೆಂದರೆ ಆ ಕಟ್ಟೇ ಎಲ್ಲೋ ಉಳಿದಿದೆ, ಅಲ್ಲಿನ ಅಂಚೆ ಕಚೇರಿಯಲ್ಲಿ ವಿಚಾರಿಸಬೇಕು. ಅಲ್ಲೊಬ್ಬರು ಇಲ್ಲೊಬ್ಬರು ಆದರೆ ವಿಳಾಸ ನೋಡಿ ಮಾರನೆಯ ದಿನವೇ ಇನ್ನೊಂದು ಪ್ರತಿ ಹಾಕಿ. ಅದಕ್ಕಾಗಿ ಅಚ್ಚು ಹಾಕಿಸುವಾಗಲೇ ಮೂವತ್ತು ಪ್ರತಿ ಹೆಚ್ಚಿಗೆ ಹೇಳಿರಿ.